ಆರು ಹಲ್ಲಿನ ಲೆಕ್ಕ

ಚಂದಾಪುರ



ನಿನ್ನೆ ರಾತ್ರಿ ನೀನು ಕಳಿಸಿದ ಫೋಟೊ ನೋಡಿದೆ. ನಿನ್ನ ಕಾಕಿಗೂ ತೋರಿಸಿದೆ. "ಎಷ್ಟು ಚಂದ ಅದ ಆಕಳಾ!" ಅಂದಳು. ಚಂದವೇನೋ ಇದೆ. ಬಿಳಿ ಮೈ, ಮುಖದ ಎರಡೂ ಬದಿಗೆ ಕಪ್ಪು, ಜೋತುಬಿದ್ದ ಉದ್ದ ಕಿವಿ. ದೇವಣಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಲಾತೂರ ಕಡೆಯ ದೇವಣಿ ಊರಿನ ಹೆಸರು ಹೊತ್ತ ಈ ತಳಿ ಬೀದರ, ಕಲಬುರಗಿ ಕಡೆಯ ಹೊಲಗಳಲ್ಲಿ ನಮ್ಮ ಮುತ್ತಜ್ಜನ ಕಾಲದಿಂದಲೂ ಇದೆ. ನಮ್ಮ ಬಿಸಿಲಿಗೆ, ನಮ್ಮ ಜೋಳದ ಕಣಿಕೆಗೆ, ತೊಗರಿ ಹೊಟ್ಟಿಗೆ ಹೊಂದಿಕೊಂಡ ದನ ಅದು. ದೇವಣಿಯನ್ನೇ ಕಟ್ಟಬೇಕು ಅಂತ ನೀನು ಹಟ ಹಿಡಿದದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಆದರೆ ಫೋಟೊದ ಜೊತೆ ನೀನು ಹೇಳಿದ ಮಾತು ನನ್ನ ನಿದ್ದೆ ಕೆಡಿಸಿತು. "ಕಾಕಾ, ಆಕಳಾ ಆರು ಹಲ್ಲಿಂದದ, ಮೂರನೇ ಕರಾ ಹಾಕ್ಯಾದ, ದಲಾಲಿ ಹೇಳ್ಯಾನ" ಅಂದೆ. ಈ ಎರಡು ಮಾತು ಒಂದೇ ಆಕಳಿನ ಬಾಯಲ್ಲಿ ಕೂಡಿ ಇರಲಾರವು ಮಗಾ. ಆರು ಹಲ್ಲು ನಿಜವಾದರೆ ಮೂರನೇ ಕರು ಸುಳ್ಳು. ಮೂರನೇ ಕರು ನಿಜವಾದರೆ ಆ ಆರು ಹಲ್ಲು ನೀನು ತಿಳಿದ ಆರು ಹಲ್ಲಲ್ಲ. ಹೇಗೆ ಅನ್ನುವುದನ್ನು ನಿಧಾನಕ್ಕೆ ಹೇಳುತ್ತೇನೆ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಮರೆತುಬಿಡುತ್ತೀ. ಅದಕ್ಕೇ ಕಾಗದ ತೆಗೆದುಕೊಂಡೆ.

ಮೊದಲು ಬಾಯಿಯ ವಿಷಯ. ಆಕಳಿಗೆ ಮುಂದಿನ ಹಲ್ಲು ಕೆಳದವಡೆಗೆ ಮಾತ್ರ. ಮೇಲೆ ಹಲ್ಲೇ ಇಲ್ಲ, ಗಟ್ಟಿಯಾದ ಒಸಡಿನ ದಿಂಡು ಇರುತ್ತದೆ. ಹೊಸಬರು ಮೇಲಿನ ತುಟಿ ಎತ್ತಿ ನೋಡಿ "ಅಯ್ಯೋ ಹಲ್ಲೆಲ್ಲಾ ಬಿದ್ದುಹೋಗ್ಯಾವ" ಅಂದದ್ದನ್ನು ನಾನೇ ಕೇಳಿದ್ದೇನೆ. ಕೆಳಗೆ ಎಂಟು ಹಲ್ಲು, ಅಂದರೆ ನಾಲ್ಕು ಜೋಡಿ. ಕರುವಿಗೂ ಎಂಟೇ, ಬೆಳೆದ ಆಕಳಿಗೂ ಎಂಟೇ. ಇದನ್ನು ಚೆನ್ನಾಗಿ ನೆನಪಿಟ್ಟುಕೋ, ಯಾಕೆಂದರೆ ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. "ಎರಡು ಹಲ್ಲಿನ ಕಡಸು" ಅಂದರೆ ಬಾಯಲ್ಲಿ ಎರಡೇ ಹಲ್ಲು ಇವೆ ಅಂತಲ್ಲ. ಎಂಟರಲ್ಲಿ ನಡುವಿನ ಎರಡು ಹಾಲುಹಲ್ಲು ಬಿದ್ದು ಆ ಜಾಗಕ್ಕೆ ದೊಡ್ಡ ಹಲ್ಲು ಬಂದಿವೆ, ಉಳಿದ ಆರು ಇನ್ನೂ ಹಾಲುಹಲ್ಲೇ ಇವೆ ಅಂತ ಅರ್ಥ.

ಹಾಲುಹಲ್ಲು ಸಣ್ಣದು, ಬೆಳ್ಳಗಿರುತ್ತದೆ, ಬುಡ ಕಿರಿದು. ದೊಡ್ಡ ಹಲ್ಲು ಅಗಲ, ಪುಟ್ಟ ಸಲಿಕೆ ನಿಲ್ಲಿಸಿದ ಹಾಗೆ, ಬಣ್ಣ ಸ್ವಲ್ಪ ಹಳದಿ. ಪಕ್ಕಪಕ್ಕದಲ್ಲಿ ಎರಡನ್ನೂ ಒಮ್ಮೆ ನೋಡಿದರೆ ಮತ್ತೆ ಜನ್ಮದಲ್ಲಿ ತಪ್ಪುವುದಿಲ್ಲ. ನಿಮ್ಮ ಪಕ್ಕದ ಮನೆಯ ಕಡಸಿನ ತುಟಿ ಇಳಿಸಿ ಇವತ್ತೇ ನೋಡು.

ನಮ್ಮ ನಾಡ ದನಕ್ಕೆ ಎರಡರಿಂದ ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಬರುತ್ತದೆ. ಮೂರು ವರ್ಷದ ಸುಮಾರಿಗೆ ಅದರ ಪಕ್ಕದ ಜೋಡಿ ಬಂದು ನಾಲ್ಕು ಹಲ್ಲಾಗುತ್ತದೆ. ನಾಲ್ಕು ವರ್ಷದ ಹತ್ತಿರ ಆರು ಹಲ್ಲು. ನಾಲ್ಕೂವರೆಯಿಂದ ಐದು ವರ್ಷದೊಳಗೆ ಮೂಲೆಯ ಜೋಡಿಯೂ ಬಂದು ಬಾಯಿಗೂಡುತ್ತದೆ. ಜರ್ಸಿ, ಎಚ್‌ಎಫ್ ಮಿಶ್ರತಳಿಗೆ ಇದೆಲ್ಲ ಕೆಲವು ತಿಂಗಳು ಮುಂಚೆಯೇ ಆಗುತ್ತದೆ. ಒಂದೇ ಕೊಟ್ಟಿಗೆಯ ಅಕ್ಕತಂಗಿ ಕಡಸುಗಳಲ್ಲೂ ಮೂರು ನಾಲ್ಕು ತಿಂಗಳ ಹೆಚ್ಚುಕಡಿಮೆ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಐದು ವರ್ಷದವರೆಗೆ ಹಲ್ಲು ಹೇಳುವ ವಯಸ್ಸನ್ನು ನಂಬಬಹುದು.

ಈಗ ನಿನ್ನ ದಲಾಲಿಯ ಮಾತಿಗೆ ಬಾ. ಆರು ಹಲ್ಲು ಅಂದರೆ ಆಕಳಿಗೆ ಸುಮಾರು ನಾಲ್ಕು ವರ್ಷ, ಹೆಚ್ಚೆಂದರೆ ನಾಲ್ಕೂವರೆ. ದೇವಣಿ ಮೊದಲ ಕರು ಹಾಕುವುದೇ ಸಾಮಾನ್ಯವಾಗಿ ಮೂರೂವರೆ ನಾಲ್ಕು ವರ್ಷಕ್ಕೆ. ಬಹಳ ಮುಂಚೆ ಅಂದರೂ ಮೂರು ವರ್ಷ ಅನ್ನು. ಒಂಬತ್ತು ತಿಂಗಳಿಗಿಂತ ತುಸು ಹೆಚ್ಚು, 280 ದಿನ ಗಬ್ಬ. ಈದ ಮೇಲೆ ಮೈ ಕೂಡಿಕೊಂಡು ಮತ್ತೆ ಗಬ್ಬ ನಿಲ್ಲುವುದಕ್ಕೆ ಮೂರು ನಾಲ್ಕು ತಿಂಗಳಾದರೂ ಬೇಕು. ಹೀಗೆ ಒಂದು ಕರುವಿನಿಂದ ಇನ್ನೊಂದು ಕರುವಿಗೆ ಹದಿಮೂರು ತಿಂಗಳು ಅಂದುಕೊಂಡರೂ, ನಮ್ಮ ಹಳ್ಳಿಯ ಮೇವಿಗೆ ಅದೂ ಆಗದ ಮಾತು, ಮೂರನೇ ಕರು ಬೀಳುವ ಹೊತ್ತಿಗೆ ಆಕಳಿಗೆ ಐದು ವರ್ಷ ದಾಟಿರಬೇಕು. ಆಗ ಬಾಯಿಗೂಡಿರಲೇಬೇಕು. ಎಲ್ಲವನ್ನೂ ಮಾರುವವನ ಪರವಾಗಿ ಹಿಡಿದು ಲೆಕ್ಕ ಹಾಕಿದರೂ ಕೂಡುವುದಿಲ್ಲ. ನಿಜವಾದ ನಡಿಗೆಯಲ್ಲಿ ಮೂರು ಕರುವಿನ ದೇವಣಿಗೆ ಆರೂವರೆ ಏಳು ವರ್ಷ ಇರುತ್ತದೆ.

ಹಾಗಾದರೆ ದಲಾಲಿ ಬರೀ ಸುಳ್ಳು ಹೇಳಿದನೇ? ಇರಲಾರದು. ಫೋಟೊ ದೊಡ್ಡದು ಮಾಡಿ ನೋಡಿದಾಗ ನನಗೆ ಆರು ಹಲ್ಲು ಕಂಡವು. ಆದರೆ ಆ ಆರರ ಆಚೆ ಈಚೆ ಏನೂ ಕಾಣಲಿಲ್ಲ. ಎಳೆಯ ಆರು ಹಲ್ಲಿನ ಬಾಯಲ್ಲಿ ಮೂಲೆಗೆ ಎರಡು ಸಣ್ಣ ಹಾಲುಹಲ್ಲು ಇರಬೇಕು, ಇಲ್ಲವೇ ಅವು ಬಿದ್ದ ಜಾಗದಲ್ಲಿ ಒಸಡು ಸೀಳಿ ಹೊಸ ಹಲ್ಲಿನ ತುದಿ ಇಣುಕುತ್ತಿರಬೇಕು. ನೀನು ಕಳಿಸಿದ ಬಾಯಲ್ಲಿ ಮೂಲೆ ಖಾಲಿ. ಮೇಲಾಗಿ ಹಲ್ಲುಗಳ ನಡುವೆ ಕಪ್ಪು ಸಂದಿ. ಬರುವ ಆರು ಹಲ್ಲು ಬೇರೆ, ಹೋಗುವ ಆರು ಹಲ್ಲು ಬೇರೆ ಮಗಾ. ಒಂದು ನಾಲ್ಕು ವರ್ಷದ ಬಾಯಿ, ಇನ್ನೊಂದು ಎಂಟಿದ್ದ ಹಲ್ಲಿನಲ್ಲಿ ಎರಡು ಬಿದ್ದ ಮುದಿ ಬಾಯಿ. ಎಣಿಸಿದರೆ ಎರಡೂ ಆರೇ. ದಲಾಲಿ ಎಣಿಕೆಯಲ್ಲಿ ಸುಳ್ಳು ಹೇಳಿಲ್ಲ, ನೀನು ಎಣಿಸಿ ಸುಮ್ಮನಾಗುತ್ತೀ ಅಂತ ನಂಬಿದ್ದಾನೆ.

ಫೋಟೊದಲ್ಲಿ ಕತ್ತಲು ಬಹಳ, ಅದಕ್ಕೇ ನಾನು ಖಂಡಿತ ಅನ್ನುವುದಿಲ್ಲ. ನೀನೇ ಹೋಗಿ ನೋಡಬೇಕು. ಹೇಗೆ ನೋಡಬೇಕು ಅಂದರೆ, ಹಿಂದಿನಿಂದಾಗಲಿ ನೇರ ಎದುರಿನಿಂದಾಗಲಿ ಹೋಗಬೇಡ. ಮಾಲೀಕನಿಗೆ ಹಗ್ಗ ಗಿಡ್ಡ ಹಿಡಿಯಲು ಹೇಳಿ, ಆಕಳಿನ ಭುಜದ ಪಕ್ಕದಿಂದ ಮಾತಾಡಿಸುತ್ತಾ ಹೋಗು. ಎಡಗೈಯಿಂದ ಮೂಗು ಹಿಡಿದು ಮುಸುಡಿ ತುಸು ಎತ್ತು. ಬಲಗೈ ಹೆಬ್ಬೆರಳಿನಿಂದ ಕೆಳತುಟಿ ಇಳಿಸು. ಅಷ್ಟು ಸಾಕು, ಹಲ್ಲಿನ ಸಾಲು ಪೂರ್ತಿ ಕಾಣುತ್ತದೆ. ಬಾಯಿ ಅಗಲಿಸುವ ಅಗತ್ಯವಿಲ್ಲ. ದವಡೆಹಲ್ಲಿನ ಕಡೆಗೆ ಬೆರಳು ಹಾಕಲೇಬೇಡ, ಅಲ್ಲಿ ಮೇಲೂ ಹಲ್ಲಿವೆ, ಬೆರಳು ಸಿಕ್ಕರೆ ಪುಡಿಯಾಗುತ್ತದೆ. ಇನ್ನೊಂದು ಮಾತು. ಜೊಲ್ಲು ಸುರಿಸುತ್ತಾ, ದನಿ ಒಡೆದು ಒದರುತ್ತಾ, ಕಣ್ಣು ಕೆಂಪು ಮಾಡಿಕೊಂಡು ನಿಂತ ದನದ ಬಾಯಿಗೆ ಯಾರು ಏನು ಹೇಳಿದರೂ ಕೈ ಹಾಕಬೇಡ. ಹುಚ್ಚುನಾಯಿ ಕಚ್ಚಿದ ದನ ಹಾಗೆಯೇ ಇರುತ್ತದೆ. ಆ ಜೊಲ್ಲು ಕೈಯ ಸಣ್ಣ ಗಾಯಕ್ಕೆ ತಾಗಿದರೂ ಅದು ಜೀವದ ಪ್ರಶ್ನೆ.

ತುಟಿ ಇಳಿಸಿದಾಗ ಹಲ್ಲಿನ ಅಂಚನ್ನು ನೋಡು. ಹೊಸ ಹಲ್ಲಿನ ಅಂಚು ಬಡಗಿಯ ಉಳಿಯ ಹಾಗೆ ಚೂಪು. ಆಕಳು ತಿನ್ನುತ್ತಾ ಹೋದಂತೆ ಅಂಚು ಸವೆದು ಮೇಲ್ಮೈ ಚಪ್ಪಟೆಯಾಗುತ್ತದೆ, ಅದರ ನಡುವೆ ಕಂದು ಗುರುತು ಕಾಣುತ್ತದೆ. ಮೊದಲು ಬಂದದ್ದು ಮೊದಲು ಸವೆಯುತ್ತದೆ. ಆರೇಳು ವರ್ಷಕ್ಕೆ ನಡುವಿನ ಜೋಡಿ ಚಪ್ಪಟೆ, ಆಮೇಲೆ ವರ್ಷಕ್ಕೊಂದು ಜೋಡಿಯ ಹಾಗೆ ಪಕ್ಕದವು, ಹತ್ತು ವರ್ಷದ ಸುಮಾರಿಗೆ ಮೂಲೆಯವೂ. ಅದಾದ ಮೇಲೆ ಹಲ್ಲು ಗಿಡ್ಡವಾಗಿ ಒಂದಕ್ಕೊಂದು ದೂರ ಸರಿಯುತ್ತವೆ. ಒಸಡು ಇಳಿದು ಬುಡ ಕಾಣುತ್ತದೆ. ಹನ್ನೆರಡು ದಾಟಿದರೆ ಒಂದೊಂದೇ ಬೀಳುತ್ತವೆ, ಉಳಿದವು ಸಣ್ಣ ಗೂಟದ ಹಾಗೆ ನಿಂತಿರುತ್ತವೆ. ಕಪ್ಪು ಸಂದಿ ಕಂಡಾಗ ನನಗೆ ಅಳುಕಾದದ್ದು ಇದಕ್ಕೆ. ಹಲ್ಲನ್ನು ಬೆರಳಿನಿಂದ ಮುಟ್ಟಿದಾಗ ತುಸು ಅಲುಗಾಡಿದರೆ ಹೆದರಬೇಡ, ಆಕಳಿನ ಮುಂದಿನ ಹಲ್ಲು ಹುಟ್ಟಿನಿಂದಲೇ ಸ್ವಲ್ಪ ಸಡಿಲ. ಮೇಲಿನ ದಿಂಡಿಗೆ ಗಾಯ ಆಗದಿರಲಿ ಅಂತ ದೇವರು ಹಾಗೆ ಕೂರಿಸಿದ್ದಾನೆ.

ಆದರೆ ಸವಕಳಿಯ ಲೆಕ್ಕ ಹಲ್ಲು ಬರುವ ಲೆಕ್ಕದಷ್ಟು ನಂಬಿಕೆಯದ್ದಲ್ಲ. ಐದು ವರ್ಷದ ಆಚೆಗೆ ಹಲ್ಲು ವಯಸ್ಸಿಗಿಂತ ಹೆಚ್ಚಾಗಿ ಅದು ತಿಂದ ಮೇವಿನ ಕತೆ ಹೇಳುತ್ತದೆ. ಹಸಿಹುಲ್ಲು ತಿಂದ ದನದ ಹಲ್ಲು ಹತ್ತಕ್ಕೂ ಗಟ್ಟಿಯಾಗಿರಬಹುದು. ಒಣ ಕಣಿಕೆ ಜಗಿದ, ಬೇಸಿಗೆಯಲ್ಲಿ ನೆಲಕಚ್ಚಿ ಮೇಯ್ದು ಮಣ್ಣು ಕಲ್ಲು ಕಡಿದ ದನದ ಹಲ್ಲು ಎಂಟಕ್ಕೇ ಮುದಿಯಾಗುತ್ತದೆ. ಫ್ಲೋರೈಡ್ ಹೆಚ್ಚಿರುವ ಬೋರಿನ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ, ಸಣ್ಣ ಕುಳಿ ಬಿದ್ದು ಇನ್ನೂ ಬೇಗ ಸವೆಯುತ್ತದೆ. ಹಾಗಾಗಿ ಬಾಯಿಗೂಡಿದ ದನಕ್ಕೆ "ಇಷ್ಟೇ ವರ್ಷ" ಅಂತ ಹೇಳುವವನ ಮಾತನ್ನು ಒಂದೆರಡು ವರ್ಷ ಆಚೀಚೆ ಮಾಡಿಯೇ ಕೇಳು.

ಈ ಅನುಮಾನ ಬಿಡಿಸುವುದಕ್ಕೆ ಕೋಡು ನೋಡಬೇಕು. ಕೋಡಿನ ಬುಡದ ಕಡೆ ಬಳೆ ತೊಟ್ಟ ಹಾಗೆ ಸುತ್ತುಗಳಿರುತ್ತವೆ. ಗಬ್ಬ ಹೊತ್ತು ಈಯುವಾಗ ಮೈಯಲ್ಲಿದ್ದದ್ದೆಲ್ಲ ಕರುವಿಗೆ ಹೋಗಿ ಕೋಡಿನ ಬೆಳವಣಿಗೆ ಕುಂಟುತ್ತದೆ, ಅಲ್ಲಿ ಒಂದು ತಗ್ಗು, ಅದರ ಪಕ್ಕ ಒಂದು ಉಬ್ಬು. ಸುತ್ತುಗಳನ್ನು ಎಣಿಸಿ ಎರಡು ಕೂಡಿಸು ಅಂತ ಪುಸ್ತಕದವರು ಹೇಳುತ್ತಾರೆ. ತಡವಾಗಿ ಈಯುವ ನಮ್ಮ ದನಕ್ಕೆ ಮೂರು ಕೂಡಿಸುವುದು ಸರಿ ಅನ್ನುವುದು ನನ್ನ ಅನುಭವ. ಎರಡು ಸುತ್ತಿನ ನಡುವೆ ಜಾಗ ಅಗಲವಾಗಿದ್ದರೆ ನಡುವೆ ಒಂದು ವರ್ಷ ಗಬ್ಬ ನಿಂತಿಲ್ಲ ಅಂತ ತಿಳಿ, ಆಗ ಆ ಒಂದು ವರ್ಷವನ್ನೂ ಸೇರಿಸು. ನೀನು ಕಳಿಸಿದ ಫೋಟೊದಲ್ಲಿ ಕೋಡು ಗಾಜಿನ ಹಾಗೆ ಹೊಳೆಯುತ್ತಿದೆ. ಎಣ್ಣೆ ಹಚ್ಚಿದ್ದಾರೆ. ಅದು ಸಂತೆಯ ಸಿಂಗಾರ ಇರಬಹುದು. ಆದರೆ ಅರ ಹಾಕಿ ಸುತ್ತು ಸವರಿ ಆಮೇಲೆ ಎಣ್ಣೆ ಹಚ್ಚುವವರೂ ಇದ್ದಾರೆ. ಬುಡದಿಂದ ತುದಿಗೆ ಹೆಬ್ಬೆರಳಿನ ಉಗುರು ಎಳೆ. ಬೆಳೆದ ಕೋಡಾದರೆ ಉಗುರು ಏರಿಳಿದು ಸಾಗುತ್ತದೆ. ಮೂರು ಕರುವಿನ ಆಕಳಿನ ಕೋಡಿನ ಮೇಲೆ ಉಗುರು ಜಾರಿಕೊಂಡೇ ಹೋದರೆ ಅರದ ಕೆಲಸ ಅದು.

ಹಲ್ಲು, ಕೋಡು, ಕರುಗಳ ಎಣಿಕೆ. ಮೂರನ್ನೂ ಬೇರೆ ಬೇರೆಯಾಗಿ ಕೇಳು, ಆಮೇಲೆ ಒಂದರ ಪಕ್ಕ ಒಂದು ಇಡು. ಮೂರೂ ಸುಮಾರಾಗಿ ಒಂದೇ ವಯಸ್ಸು ಹೇಳಿದರೆ ಮುಂದಿನ ಮಾತು. ಕಿವಿಯ ಹಳದಿ ಓಲೆಯನ್ನೂ ಮರೆಯಬೇಡ. ಅದರ ಮೇಲಿರುವ ಹನ್ನೆರಡು ಅಂಕಿಯನ್ನು ಬರೆದುಕೊಂಡು ನಮ್ಮ ಪಶು ಆಸ್ಪತ್ರೆಗೆ ಕೊಟ್ಟರೆ, ಸರಿಯಾಗಿ ದಾಖಲಾಗಿದ್ದಲ್ಲಿ ಹಾಕಿದ ಲಸಿಕೆ, ಬರೆಸಿದ ವಯಸ್ಸು ಸಿಗುತ್ತವೆ. ಓಲೆ ಹಾಕುವ ದಿನ ಬರೆಸಿದ ವಯಸ್ಸೂ ಅಂದಾಜಿನದೇ. ಆದರೂ ಅವತ್ತು ಮಾಲೀಕನಿಗೆ ಮಾರುವ ಯೋಚನೆ ಇರಲಿಲ್ಲ, ಅಷ್ಟರಮಟ್ಟಿಗೆ ಅದು ಉಪಯೋಗಕ್ಕೆ ಬರುತ್ತದೆ.

ವಯಸ್ಸು ಕೂಡಿದ ಮೇಲೆ ಕೆಚ್ಚಲು. ಇಲ್ಲಿ ನಾನು ಸೋತ ಕತೆ ಹೇಳಬೇಕು, ನಿನ್ನಪ್ಪನಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಪೂರ್ತಿ ಗೊತ್ತಿಲ್ಲ. ನನಗೆ ಆಗ ನಿನ್ನಷ್ಟೇ ವಯಸ್ಸು. ಜಾತ್ರೆಯ ದನದ ಸಂತೆಯಲ್ಲಿ ಒಂದು ಆಕಳು ಕಂಡಿತು. ಕೆಚ್ಚಲು ಕೊಡದ ಹಾಗೆ ತುಂಬಿ, ಮೊಲೆ ನಾಲ್ಕೂ ಸೆಟೆದು, ಹಾಲು ತಾನೇ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಮುದ್ದಾದ ಹೆಣ್ಣುಕರು. ಟವಲಿನ ಕೆಳಗೆ ಬೆರಳು ಹಿಡಿಸಿ ದಲಾಲಿ ಹೇಳಿದ ದರಕ್ಕೆ ನಾನು ಚೌಕಾಸಿಯನ್ನೂ ಮಾಡಲಿಲ್ಲ. ಮನೆಗೆ ತಂದ ಸಂಜೆ ಹಿಂಡಿದೆವು, ನಾಲ್ಕು ಲೀಟರು ಬಂತು. ಅವ್ವ ಆರತಿ ಮಾಡಿದಳು. ಮರುದಿನ ಬೆಳಿಗ್ಗೆ ಒಂದು ಲೀಟರು. ಸಂಜೆ ಮುಕ್ಕಾಲು. ಒಂದು ಮೊಲೆಯಿಂದ ಮಜ್ಜಿಗೆ ಒಡೆದ ಹಾಗೆ ನೀರು, ಬಿಳಿ ಚೂರು. ಕರು ಹತ್ತಿರ ಹೋದರೆ ಆಕಳು ಒದೆಯುತ್ತಿತ್ತು, ಯಾಕೆಂದರೆ ಅದು ಅದರ ಕರುವೇ ಅಲ್ಲ. ಎರಡು ದಿನ ಹಿಂಡದೆ ಬಿಟ್ಟು ಕೆಚ್ಚಲು ತುಂಬಿಸಿ ತಂದಿದ್ದರು. ಹಾಲು ಕಟ್ಟಿದ ಆ ಕೆಚ್ಚಲಿಗೆ ಬಾವೂ ಬಂದಿತ್ತು. ಆ ಮೊಲೆ ಕಡೆಗೂ ಸರಿಹೋಗಲಿಲ್ಲ. ಕರು ಹಾಲಿಲ್ಲದೆ ಹನ್ನೊಂದನೇ ದಿನ ಸತ್ತಿತು. ಹಣ ಹೋದದ್ದು ಮರೆತೆ. ಬೇರೆ ತಾಯಿಯಿಂದ ಬಿಡಿಸಿ ತಂದ ಆ ಕರು ರಾತ್ರಿಯೆಲ್ಲ ಒದರುತ್ತಿದ್ದದ್ದನ್ನು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ತುಂಬಿದ ಕೆಚ್ಚಲನ್ನು ನೋಡಿ ಬೆಲೆ ಕಟ್ಟಬೇಡ, ಹಿಂಡಿದ ಮೇಲಿನ ಕೆಚ್ಚಲನ್ನು ನೋಡು. ಒಳ್ಳೆಯ ಕೆಚ್ಚಲು ಹಿಂಡಿದ ಮೇಲೆ ನೆರಿಗೆ ಬಿದ್ದು, ಒಗೆದು ಹಿಂಡಿದ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಹಿಂಡಿದ ಮೇಲೂ ಅಷ್ಟೇ ದಪ್ಪ ಇದ್ದರೆ ಅದು ಮಾಂಸದ ಕೆಚ್ಚಲು, ಹಾಲಿನದಲ್ಲ. ನಾಲ್ಕು ಭಾಗವನ್ನೂ ಒಂದೊಂದಾಗಿ ಅಂಗೈಯಲ್ಲಿ ಹಿಡಿ. ಒಂದು ಕಡೆ ಬಿಸಿ, ಗಂಟು, ಕಲ್ಲಿನಂಥ ಗಟ್ಟಿ ಸಿಕ್ಕರೆ ಅಲ್ಲಿ ಬಾವು ಇದೆ ಇಲ್ಲವೇ ಇತ್ತು. ಮೊಲೆಯನ್ನು ಎರಡು ಬೆರಳ ನಡುವೆ ಹೊರಳಿಸಿದಾಗ ಒಳಗೆ ಸುತಳಿಯ ಹಾಗೆ ಗಟ್ಟಿ ಎಳೆ ಸಿಕ್ಕರೆ ಆ ಮೊಲೆ ಹಾಲು ಬಿಡಲು ತಕರಾರು ಮಾಡುತ್ತದೆ.

ನಾಲ್ಕೂ ಮೊಲೆಯ ಮೊದಲ ಎರಡು ಮೂರು ಧಾರೆಯನ್ನು ಒಂದು ಕಪ್ಪು ಬಟ್ಟೆಯ ಮೇಲೆ ಬೇರೆ ಬೇರೆ ಜಾಗದಲ್ಲಿ ಹಿಂಡಿಸು. ಬಿಳಿ ಚೂರು, ದಾರದಂಥ ಎಳೆ, ರಕ್ತದ ಗುಲಾಬಿ ಇದ್ದರೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಬಾವು ಒಳಗೊಳಗೇ ಇದ್ದು ಹಾಲು ಚೆನ್ನಾಗಿ ಕಾಣುವುದೂ ಉಂಟು. ಅದಕ್ಕೆ ಸೋಪಿನ ಪುಡಿಯ ಪರೀಕ್ಷೆ ಇದೆ. ಅರ್ಧ ಲೀಟರು ನೀರಿಗೆ ಹದಿನೈದು ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ ಬಾಟಲಿಯಲ್ಲಿ ಒಯ್ಯಿ. ನಾಲ್ಕು ಬಟ್ಟಲಲ್ಲಿ ನಾಲ್ಕು ಮೊಲೆಯ ಹಾಲು ಸ್ವಲ್ಪ ಸ್ವಲ್ಪ ಹಿಡಿದು, ಅಷ್ಟಷ್ಟೇ ಸೋಪಿನ ನೀರು ಹಾಕಿ ಮೆಲ್ಲಗೆ ತಿರುಗಿಸು. ಚೆನ್ನಾಗಿದ್ದರೆ ನೀರಾಗಿಯೇ ಇರುತ್ತದೆ. ಬಾವಿದ್ದರೆ ಗಂಜಿಯ ಹಾಗೆ, ಹೆಚ್ಚಾದರೆ ಲೋಳೆಯ ಹಾಗೆ ಗಟ್ಟಿಯಾಗುತ್ತದೆ. ಈದ ಮೊದಲ ವಾರದ ಹಾಲಿಗೆ, ಬತ್ತುವ ಹೊತ್ತಿನ ಹಾಲಿಗೆ ಈ ಪರೀಕ್ಷೆ ತಪ್ಪು ಹೇಳಬಹುದು, ಅದು ಗೊತ್ತಿರಲಿ.

ಹಾಲಿನ ಅಳತೆಯನ್ನು ಒಂದೇ ಹೊತ್ತಿಗೆ ನಂಬಬೇಡ. ಸಂಜೆ ನಿನ್ನ ಕಣ್ಣೆದುರು ಪೂರ್ತಿ ಹಿಂಡಿಸಿ ಕೆಚ್ಚಲು ಖಾಲಿ ಮಾಡಿಸು. ಮರುದಿನ ಬೆಳಿಗ್ಗೆ, ಸಂಜೆ ಹಿಂಡಿದ್ದನ್ನು ಕೂಡಿಸು, ಅದೇ ನಿಜವಾದ ದಿನದ ಹಾಲು. ದೇವಣಿ ದಿನಕ್ಕೆ ಮೂರು ನಾಲ್ಕು ಲೀಟರು ಕೊಟ್ಟರೆ ಒಳ್ಳೆಯದು. ಎಂಟು ಹತ್ತು ಅಂದವನನ್ನು ಅಲ್ಲಿಯೇ ಬಿಟ್ಟು ಬಾ. ಸಂತೆಯಲ್ಲಿ ಎರಡು ದಿನ ನಿಲ್ಲುವುದು ಆಗದ ಮಾತು, ಅದಕ್ಕೇ ಸಂತೆಯಲ್ಲಿ ಆಕಳು ನೋಡಿ, ಮಾಲೀಕನ ಊರು ಕೇಳಿಕೊಂಡು, ಅವನ ಕೊಟ್ಟಿಗೆಗೆ ಹೋಗಿ ಕೊಳ್ಳುವುದು ಲೇಸು. ಕೊಟ್ಟಿಗೆ ತೋರಿಸಲು ಒಪ್ಪದವನ ಆಕಳು ನಮಗೆ ಬೇಡ. ಅಲ್ಲಿ ಕರುವನ್ನು ಬಿಡಿಸಿ ನೋಡು. ತನ್ನ ಕರುವಾದರೆ ಆಕಳು ಮೂಸಿ, ಬಾಲದ ಬುಡ ನೆಕ್ಕಿ, ಎರಡು ನಿಮಿಷದಲ್ಲಿ ತೊರೆಬಿಡುತ್ತದೆ.

ಮೈಯ ಆರೋಗ್ಯ ನೋಡುವುದಕ್ಕೆ ಆಕಳಿನ ಹತ್ತಿರ ಹೋಗುವ ಮುಂಚೆ ಅರ್ಧ ತಾಸು ದೂರ ನಿಲ್ಲಬೇಕು. ದಲಾಲಿ ಕೋಲು ಆಡಿಸಿದರೆ ಬೇನೆ ಬಿದ್ದ ದನವೂ ಚುರುಕಾಗಿ ಕಾಣುತ್ತದೆ. ಯಾರೂ ಗಮನ ಕೊಡದಿದ್ದಾಗ ಅದು ಹೇಗೆ ನಿಂತಿದೆ, ಮುಸುಡಿಯ ಮೇಲೆ ಇಬ್ಬನಿಯ ಹಾಗೆ ಹನಿ ಇದೆಯೇ, ಕಿವಿ ನೊಣಕ್ಕೆ ಆಡುತ್ತಿದೆಯೇ, ಮೆಲುಕು ಹಾಕುತ್ತಿದೆಯೇ ನೋಡು. ಒಂದು ತುತ್ತನ್ನು ಐವತ್ತು ಸಲದ ಸುಮಾರಿಗೆ ಜಗಿದು ನುಂಗಿ ಮತ್ತೊಂದು ತುತ್ತು ತರಬೇಕು. ಹತ್ತು ಹದಿನೈದು ಸಲಕ್ಕೇ ನಿಲ್ಲಿಸಿದರೆ, ಅರೆಜಗಿದ ಮೇವು ಬಾಯಿಂದ ಉದುರಿದರೆ, ದವಡೆಹಲ್ಲಿನ ತೊಂದರೆ ಇರಬಹುದು. ಮುಂದಿನ ಹಲ್ಲು ಎಷ್ಟು ಚೆಂದ ಇದ್ದರೂ ಆಕಳು ಬದುಕುವುದು ದವಡೆಹಲ್ಲಿನಿಂದ. ಆಮೇಲೆ ಹತ್ತಿರ ಹೋಗಿ ಎಡಗಡೆಯ ಹಸಿಗುಳಿಗೆ, ಪಕ್ಕೆಲುಬಿನ ಹಿಂದಿನ ತಗ್ಗಿಗೆ, ಮುಷ್ಟಿ ಒತ್ತಿ ಹಿಡಿ. ಎರಡು ನಿಮಿಷದಲ್ಲಿ ಎರಡು ಮೂರು ಸಲ ಒಳಗಿಂದ ಹೊಟ್ಟೆ ನಿನ್ನ ಮುಷ್ಟಿಯನ್ನು ದೂಡಬೇಕು. ಉಪ್ಪು ತಿನ್ನಿಸಿ ನೀರು ಕುಡಿಸಿ ಹೊಟ್ಟೆ ತುಂಬಿಸಿದ ಆಕಳಿಗೆ ಹಸಿಗುಳಿ ತುಂಬಿ ಕಾಣುತ್ತದೆ, ಆದರೆ ಆ ದೂಡುವಿಕೆ ಸಿಗುವುದಿಲ್ಲ, ಮೇವಿನ ಬದಲು ನೀರು ಕುಲುಕಿದ ಹಾಗಾಗುತ್ತದೆ.

ಗಟ್ಟಿ ನೆಲದ ಮೇಲೆ ಹತ್ತು ಹೆಜ್ಜೆ ನಡೆಸು. ಶಹಾಬಾದ ಫರಸಿ ಹಾಸಿದ ಅಂಗಳ ಸಿಕ್ಕರೆ ಇನ್ನೂ ಒಳ್ಳೆಯದು, ಹುಡಿಮಣ್ಣಿನಲ್ಲಿ ಮುಚ್ಚಿಹೋಗುವ ಕುಂಟು ಕಲ್ಲಿನ ಮೇಲೆ ಗೊತ್ತಾಗುತ್ತದೆ. ಗೊರಸಿನ ಸಂದು, ನಾಲಿಗೆ, ಮೇಲಿನ ದಿಂಡು ನೋಡು, ಅಲ್ಲಿ ಹುಣ್ಣಿದ್ದರೆ ಕಾಲುಬಾಯಿ ಜ್ವರ ಇರಬಹುದು. ಮೈಮೇಲೆ ಕೈಯಾಡಿಸು. 2022ರಲ್ಲಿ ಚರ್ಮಗಂಟು ರೋಗ ಬಂದು ಎಷ್ಟು ಮನೆಯ ದನ ಹೋದವು ಅನ್ನುವುದು ನಿನಗೂ ನೆನಪಿದೆ. ಬಟಾಣಿ ಗಾತ್ರದ ಗಂಟು ಕೈಗೆ ಸಿಕ್ಕರೆ ಅದನ್ನಷ್ಟೇ ಅಲ್ಲ, ಅದರ ಪಕ್ಕ ಕಟ್ಟಿದ ದನವನ್ನೂ ಬಿಟ್ಟು ಬಾ. ಕಡೆಗೆ ಬಾಲ ಎತ್ತಿ ನೋಡು. ಕೀವು, ದುರ್ವಾಸನೆ, ಹೊಲಿಗೆ ಹಾಕಿದ ಗುರುತು ಇರಬಾರದು. ಹೊಲಿಗೆ ಇದ್ದರೆ ಈಯುವಾಗ ಗರ್ಭ ಹೊರಬಿದ್ದಿದ್ದನ್ನು ಕೂರಿಸಿ ಹೊಲಿದಿದ್ದಾರೆ, ಅದು ಮತ್ತೆ ಮರುಕಳಿಸಬಹುದು.

ಕಣ್ಣಿಗೂ ಕೈಗೂ ಸಿಗದ ಒಂದು ರೋಗ ಇದೆ, ಬ್ರುಸೆಲ್ಲಾ. ಆಕಳು ಗುಂಡಗೆ ಹೊಳೆಯುತ್ತಾ ಇರುತ್ತದೆ, ಆದರೆ ಏಳೆಂಟು ತಿಂಗಳಿಗೆ ಕಂದು ಹಾಕುತ್ತದೆ. ಮನುಷ್ಯರಿಗೂ ಅಂಟಿ, ಜ್ವರ ಬಿಟ್ಟು ಬಿಟ್ಟು ಬಂದು ತಿಂಗಳುಗಟ್ಟಲೆ ಕಾಡುತ್ತದೆ. ಇದಕ್ಕೆ ರಕ್ತ ಪರೀಕ್ಷೆಯೇ ಆಗಬೇಕು. ಮುಂಗಡ ಕೊಡುವ ಮುಂಚೆ ಪಶುವೈದ್ಯರಿಂದ ರಕ್ತ ತೆಗೆಸು. ಗಬ್ಬದ ಆಕಳು ಅಂತ ಹೇಳಿದರೆ ಅವರೇ ಕೈ ಹಾಕಿ ನೋಡಿ ಹೇಳಲಿ. ಎರಡು ಮೂರು ತಿಂಗಳು ದಾಟಿದ್ದರೆ ಅವರಿಗೆ ಖಚಿತವಾಗಿ ಗೊತ್ತಾಗುತ್ತದೆ. ಹೊಟ್ಟೆ ನೋಡಿ ಗಬ್ಬ ಹೇಳುವವರ ಮಾತು ಕೇಳಬೇಡ. ಡಾಕ್ಟರು ಸಿಗದಿದ್ದರೆ 1962ಕ್ಕೆ ಫೋನು ಮಾಡಿ ಸಂಚಾರಿ ಪಶುಚಿಕಿತ್ಸಾ ಗಾಡಿಯನ್ನು ಕೇಳು. ತಂದ ಮೇಲೆ ಮೂರು ವಾರ ಆ ಆಕಳನ್ನು ನಮ್ಮ ಎತ್ತುಗಳಿಂದ ದೂರ ಕಟ್ಟು, ಅದರ ಬಕೆಟ್ಟು, ಗೋದಲಿ ಬೇರೆ ಇರಲಿ. ಸೊಸಿಗೆ ಹೇಳು, ಹಾಲು ಉಕ್ಕಿಸದೆ ಮಗುವಿಗೆ ಕೊಡಬಾರದು.

ಇನ್ನು ಆ ಆಕಳು ಮುದಿಯದೇ ಅಂತ ಗೊತ್ತಾದರೆ ಬಿಟ್ಟುಬಿಡಬೇಕೇ ಅಂತ ನೀನು ಕೇಳಬಹುದು. ಹಾಗೇನಿಲ್ಲ. ಕೆಚ್ಚಲು ಮೆತ್ತಗಿದ್ದು, ದವಡೆಹಲ್ಲು ಗಟ್ಟಿಯಿದ್ದು, ಗಬ್ಬ ನಿಂತಿದ್ದರೆ ಹತ್ತು ವರ್ಷದ ದೇವಣಿ ಇನ್ನೂ ಒಂದೆರಡು ಕರು ಕೊಡುತ್ತದೆ, ಅದರ ಹೊಟ್ಟೆಯಲ್ಲಿ ಒಂದು ಹೆಣ್ಣು ಹುಟ್ಟಿದರೂ ನಿನ್ನ ಕೊಟ್ಟಿಗೆ ನಿಂತಿತು. ಕಣಿಕೆಯನ್ನು ಸಣ್ಣಗೆ ಕತ್ತರಿಸಿ ಹಾಕಬೇಕು, ಹಿಂಡಿಯನ್ನು ನೆನೆಸಿ ಕೊಡಬೇಕು, ಅಷ್ಟೇ. ಆದರೆ ಹತ್ತು ವರ್ಷದ ಆಕಳಿಗೆ ಹತ್ತು ವರ್ಷದ ಬೆಲೆ ಕೊಡಬೇಕು, ನಾಲ್ಕು ವರ್ಷದ ಬೆಲೆ ಕೊಡಬಾರದು.

ದಲಾಲಿಗೆ ಇವತ್ತೇ ಮುಂಗಡ ಕೊಡಬೇಡ. ಬೇರೆಯವರು ಒಯ್ದುಬಿಡುತ್ತಾರೆ ಅಂತ ಅವನು ಹೆದರಿಸುತ್ತಾನೆ, ಒಯ್ದರೆ ಒಯ್ಯಲಿ. ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಹೊರಡುತ್ತೇನೆ. ಕಪ್ಪು ಬಟ್ಟೆ ನಾನು ತರುತ್ತೇನೆ, ನಿನ್ನ ಕಾಕಿಯ ಹಳೆಯ ಕುಪ್ಪಸದ್ದು ಒಂದು ತುಂಡು ತೆಗೆದಿಟ್ಟಿದ್ದೇನೆ. ನೀನು ಒಂದು ಬ್ಯಾಟರಿ, ನಾಲ್ಕು ಬಟ್ಟಲು, ಸೋಪಿನ ನೀರಿನ ಬಾಟಲಿ, ಅಳತೆಯ ಡಬ್ಬಿ ಸಿದ್ಧ ಮಾಡಿಕೊಂಡಿರು. ಅಲ್ಲಿಗೆ ಹೋದ ಮೇಲೆ ತುಟಿ ನೀನೇ ಇಳಿಸಬೇಕು. ನಾನು ಹಗ್ಗ ಹಿಡಿದು ನಿಲ್ಲುತ್ತೇನೆ.

ಇಂತಿ ನಿನ್ನ
ಕಾಕಾ